ಜೆಆರ್‌ಎಫ್ ಪಡೆದವರಿಗೆ ಹಾಸ್ಟೆಲ್ಲೋ, ಬಾಡಿಗೆ ಮನೆಯೋ?

ಯುಜಿಸಿಯ ಕಿರಿಯ ಸಂಶೋಧನಾ ಫೆಲೋಶಿಪ್‌ನ ಮೂಲ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಇದರಲ್ಲಿ ಭವಿಷ್ಯನಿಧಿಯ ಕಡಿತವಿಲ್ಲ, ಪ್ರತಿವರ್ಷದ ಹೆಚ್ಚಳವೂ ಇಲ್ಲ. ಎರಡು ವರ್ಷಗಳ ನಂತರ ಪರಿಶೀಲನಾ ಸಮಿತಿ ಕೆಲಸವನ್ನು ಒಪ್ಪಿದರೆ ಮಾತ್ರ ಅದು 42,000 ಆಗುತ್ತದೆ. ಆದ್ದರಿಂದ ಕೈಗೆ ಸಿಗುವ ಹಣವನ್ನು ಮುಖ್ಯವಾಗಿ ನಿರ್ಧರಿಸುವುದು ವಾಸದ ಆಯ್ಕೆಯೇ.

ಬೆಂಗಳೂರಿನಲ್ಲಿ ಹೊರಗೆ ಬಾಡಿಗೆಗಿದ್ದರೆ, ಕೇಂದ್ರ ಸರ್ಕಾರದ ಶೇ. 30ರ ದರದಂತೆ 11,100 ರೂಪಾಯಿ ಮನೆಬಾಡಿಗೆ ಭತ್ಯೆ ಸೇರಿ ಒಟ್ಟು 48,100 ಆಗುತ್ತದೆ. ಮೈಸೂರಿನಲ್ಲಿ ದರ ಶೇ. 20 ಆಗಿರುವುದರಿಂದ ಭತ್ಯೆ 7,400 ಮಾತ್ರ. ಬಾಡಿಗೆ ಇದರೊಳಗೆ ಮುಗಿಯದಿದ್ದರೆ ಉಳಿದದ್ದು ಮೂಲ ಮೊತ್ತದಿಂದಲೇ ಹೋಗುತ್ತದೆ.

ಹಾಸ್ಟೆಲ್‌ನಲ್ಲಿದ್ದರೆ ಭತ್ಯೆ ಇಲ್ಲ. ಕೊಠಡಿ ಶುಲ್ಕವನ್ನು ಆ ಭತ್ಯೆಯ ಮಿತಿಯೊಳಗೆ ಮರಳಿ ಪಡೆಯಬಹುದು, ಆದರೆ ಊಟ, ವಿದ್ಯುತ್ ಮತ್ತು ನೀರಿನ ವೆಚ್ಚ ಅದರಲ್ಲಿ ಸೇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ, ಭತ್ಯೆಯೊಳಗೆ ಬಾಡಿಗೆ ಮುಗಿಯದವರಿಗೆ ಹಾಸ್ಟೆಲ್ಲೇ ಲಾಭಕರ.

ಇಲ್ಲಿ ಬಹಳ ಮಂದಿ ಎಡವುವ ನಿಯಮವೊಂದಿದೆ: ವಿಶ್ವವಿದ್ಯಾಲಯ ಕೊಟ್ಟ ಹಾಸ್ಟೆಲ್ ಕೊಠಡಿಯನ್ನು ನಿರಾಕರಿಸಿದವರು ಬಾಡಿಗೆ ಭತ್ಯೆಯ ಹಕ್ಕನ್ನೂ ಕಳೆದುಕೊಳ್ಳುತ್ತಾರೆ. ಹೊರಗೆ ಮನೆ ಹಿಡಿಯುವ ಮೊದಲೇ, ಕೊಠಡಿ ಲಭ್ಯವಿಲ್ಲವೆಂಬ ಲಿಖಿತ ದೃಢೀಕರಣವನ್ನು ಹಾಸ್ಟೆಲ್ ಕಚೇರಿಯಿಂದ ಪಡೆದಿಟ್ಟುಕೊಳ್ಳಿ.