ಮಾಟುಂಗಾದ ಬೀದಿ, ಸ್ಕೂಟರಿನ ನಂಬರ್, ಡಾವಿಂಚಿ ರಿಸಾಲ್ವ್: ಮೂರು ವರ್ಷ ಬಳಸಿದ ಮೇಲೆ

ಮುಂಬೈಯ ಮಾಟುಂಗಾ, ದಾದರ್ ಕಡೆ ಇರುವ ನಮ್ಮ ಉಡುಪಿ ಹೋಟೆಲುಗಳ ಬಗ್ಗೆ ವಿಡಿಯೊ ಮಾಡುವುದು ನನ್ನ ಭಾನುವಾರದ ಕೆಲಸ. ಇಡ್ಲಿ ಒಂದು ನಿಮಿಷ, ಬೀದಿ ಐದು ನಿಮಿಷ. ಆ ಐದು ನಿಮಿಷದಲ್ಲಿ ಯಾರ್‍ಯಾರೋ ಬಂದು ಹೋಗುತ್ತಾರೆ. ಒಮ್ಮೆ ಒಂದು ಹೋಟೆಲಿನಲ್ಲಿ ಬಡಿಸುವ ಹುಡುಗ ಮೆಲ್ಲಗೆ ಬಂದು, "ಅಣ್ಣಾ, ಆ ಮೂಲೆ ಟೇಬಲ್ಲಿನವರು ಕಾಣೋದು ಬೇಡ, ಅವ್ರು ಕೇಳ್ಕೊಂಡಿದ್ದಾರೆ" ಅಂದ. ಅವತ್ತಿನಿಂದ ದಾರಿಹೋಕರ ಮುಖ, ಗಾಡಿಗಳ ನಂಬರ್ ಮುಚ್ಚದೆ ಏನನ್ನೂ ಹಾಕುವುದಿಲ್ಲ. ಅದಕ್ಕೆ ಬಳಸುವುದು ಡಾವಿಂಚಿ ರಿಸಾಲ್ವ್ ಎಂಬ ವಿಡಿಯೊ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿ. ಹಣ ಕೊಟ್ಟು ಕೊಳ್ಳುವ ಸ್ಟುಡಿಯೊ ಆವೃತ್ತಿಯನ್ನು ನಾನು ಕೊಂಡಿಲ್ಲ, ಇದುವರೆಗೆ ಬೇಕು ಅನ್ನಿಸಿಯೂ ಇಲ್ಲ.

ಕೆಲಸ ನಡೆಯುವುದು Color ಪುಟದಲ್ಲಿ. ಒಂದು ಹೊಸ ನೋಡ್, ಅಂದರೆ ಚಿತ್ರದ ಮೇಲೆ ಮಾಡುವ ಬದಲಾವಣೆಯ ಒಂದು ಹಂತ, ಹಾಕಿ, Window ಭಾಗದಲ್ಲಿ ನಂಬರ್ ಪ್ಲೇಟಿಗೆ ಚೌಕ, ಮುಖಕ್ಕೆ ವೃತ್ತ ಎಳೆಯಬೇಕು. ಆಮೇಲೆ Tracker ತೆರೆದು ಮುಂದಕ್ಕೋ ಹಿಂದಕ್ಕೋ ಓಡಿಸಿದರೆ, ಆ ಚೌಕ ಗಾಡಿಯ ಜೊತೆಗೇ ಸಾಗುತ್ತದೆ. ಕೊನೆಗೆ ಅದೇ ನೋಡಿನಲ್ಲಿ ಬ್ಲರ್. ಹೇಳುವುದು ಸುಲಭ, ಒಂದು ಶಾಟ್ ಬಿಡಿಸಿ ನೋಡೋಣ.

ಮಾಟುಂಗಾ ಮಾರ್ಕೆಟ್ಟಿನ ಹೂವಿನ ಅಂಗಡಿಗಳ ಮುಂದೆ ಕೈಯಲ್ಲಿ ಹಿಡಿದೇ ತೆಗೆದ 14 ಸೆಕೆಂಡಿನ ಶಾಟ್. ಸೆಕೆಂಡಿಗೆ 25 ಫ್ರೇಮ್, ಅಂದರೆ ಒಟ್ಟು 350. ದೂರದಿಂದ ಒಂದು ಸ್ಕೂಟರ್ ನಮ್ಮ ಕಡೆ ಬರುತ್ತದೆ, ನಡುವೆ ಒಂದು ಕೈಗಾಡಿಯ ಹಿಂದೆ ಮರೆಯಾಗುತ್ತದೆ, ಮತ್ತೆ ಹೊರಬಂದು ಪಕ್ಕದಲ್ಲೇ ದಾಟಿ ಹೋಗುತ್ತದೆ. ಮೊದಮೊದಲು ನಾನು ಸ್ಕೂಟರ್ ಕಂಡ ಮೊದಲ ಫ್ರೇಮಿನಿಂದಲೇ ಟ್ರ್ಯಾಕ್ ಶುರು ಮಾಡುತ್ತಿದ್ದೆ. ತಪ್ಪಾಗುತ್ತಿದ್ದುದೇ ಅಲ್ಲಿ. ದೂರದ ಪ್ಲೇಟ್ ಅಂದರೆ ಬೆರಳೆಣಿಕೆಯ ಪಿಕ್ಸೆಲ್, ಟ್ರ್ಯಾಕರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಪ್ಲೇಟ್ ದೊಡ್ಡದಾಗಿ, ಸ್ಪಷ್ಟವಾಗಿ ಕಾಣುವ ಫ್ರೇಮಿಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓಡಿಸಬೇಕು. ಬಿಳಿ ಮೇಲೆ ಕಪ್ಪಕ್ಷರ ಇರುವುದರಿಂದ ಹತ್ತಿರದ ಪ್ಲೇಟಿನಷ್ಟು ಚೆನ್ನಾಗಿ ಅಂಟುವ ವಸ್ತು ಬೀದಿಯಲ್ಲಿ ಬೇರೆ ಇಲ್ಲ. ದೂರ ಹೋದಂತೆ ಚೌಕ ನಡುಗಲು ಶುರುವಾದರೆ Rotate ಮತ್ತು 3D ಗುರುತು ತೆಗೆದು, Pan, Tilt, Zoom ಮಾತ್ರ ಉಳಿಸಿ ಇನ್ನೊಮ್ಮೆ ಓಡಿಸುತ್ತೇನೆ.

ಕೈಗಾಡಿ ಇನ್ನೊಂದು ಕಥೆ. ಸ್ಕೂಟರ್ ಮರೆಯಾದ ಕೂಡಲೇ ಟ್ರ್ಯಾಕರ್ ಸ್ಕೂಟರನ್ನು ಬಿಟ್ಟು ಕೈಗಾಡಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಸ್ಕೂಟರ್ ಯಾವುದು, ಕೈಗಾಡಿ ಯಾವುದು ಅಂತ ಗೊತ್ತಿಲ್ಲ, ವಿಂಡೋ ಒಳಗಿನ ಚುಕ್ಕೆಗಳು ಎತ್ತ ಹೋಗುತ್ತಿವೆ ಅಂತಷ್ಟೇ ನೋಡುತ್ತದೆ. ನೋಡುವವರಿಗೆ ಮೊದಲು ಹೂವಿನ ಬುಟ್ಟಿ ಮೇಲೊಂದು ಮಚ್ಚೆ, ಆಮೇಲೆ ಆ ಕಡೆಯಿಂದ ಹೊರಬಂದ ಪೂರ್ತಿ ನಂಬರ್! ಇಂಥಲ್ಲಿ ಒಂದೇ ಟ್ರ್ಯಾಕಿನಲ್ಲಿ ಮುಗಿಸುವ ಹಠ ಬೇಡ. ನಾನು ಎಡಿಟ್ ಪುಟದಲ್ಲೇ ಕ್ಲಿಪ್ಪನ್ನು ಮೂರು ತುಂಡು ಮಾಡುತ್ತೇನೆ: ಮರೆಗೆ ಮುಂಚೆ, ಮರೆಯಲ್ಲಿ, ಮರೆಯ ನಂತರ. ಮೊದಲ ತುಂಡಿಗೂ ಮೂರನೆಯದಕ್ಕೂ ಬೇರೆ ಬೇರೆ ಟ್ರ್ಯಾಕ್, ನಡುವಿನದಕ್ಕೆ ಏನೂ ಇಲ್ಲ. ಕತ್ತರಿಸುವ ಜಾಗ ಮಾತ್ರ ಪ್ಲೇಟ್ ಪೂರ್ತಿ ಮರೆಯಾದ ಮೇಲಿರಬೇಕು. ಅರ್ಧ ಕಾಣುವ ನಾಲ್ಕೈದು ಫ್ರೇಮುಗಳಲ್ಲಿ ಕೊನೆಯ ನಾಲ್ಕಂಕಿ ಆರಾಮಾಗಿ ಓದಬಹುದು. ಆ ಫ್ರೇಮುಗಳಲ್ಲಿ ಟ್ರ್ಯಾಕರನ್ನು ನಂಬದೆ, Frame ಮೋಡಿಗೆ ಹೋಗಿ ಒಂದೊಂದಾಗಿ ಕೈಯಿಂದಲೇ ಕೂರಿಸುತ್ತೇನೆ.

ಈ Frame ಮತ್ತು Clip ಎರಡು ಗುಂಡಿಗಳನ್ನು ಅರ್ಥ ಮಾಡಿಕೊಳ್ಳಲು ನನಗೆ ಆರು ತಿಂಗಳೇ ಬೇಕಾಯಿತು. Clip ನಲ್ಲಿದ್ದಾಗ ವಿಂಡೋವನ್ನು ಸರಿಸಿದರೆ, ಹಿಗ್ಗಿಸಿದರೆ, ಅದು ಇಡೀ ಟ್ರ್ಯಾಕಿಗೆ ಅನ್ವಯಿಸುತ್ತದೆ. Frame ನಲ್ಲಿದ್ದರೆ ಆ ಫ್ರೇಮಿನಲ್ಲೊಂದು ಕೀಫ್ರೇಮ್, ಅಂದರೆ ಆ ಕ್ಷಣದ ಬದಲಾವಣೆಯ ಗುರುತು, ಬೀಳುತ್ತದೆ. ಮುಖಗಳಿಗೆ ಇದು ಭಾರೀ ಉಪಯೋಗ. ವೃತ್ತ ದೊಡ್ಡದಿದ್ದರೆ ಹಿಂದಿನ ಗೋಡೆಯ ಚುಕ್ಕೆಗಳೂ ಒಳಗೆ ಸೇರಿ, ಮುಖ ಮುಂದೆ ಹೋದರೂ ವೃತ್ತ ಗೋಡೆಗೆ ನೇತಾಡುತ್ತದೆ. ಹಾಗಾಗಿ ಕಣ್ಣು, ಮೂಗು, ಬಾಯಿ ಅಷ್ಟೇ ಒಳಗೆ ಬರುವ ಚಿಕ್ಕ ವೃತ್ತದಿಂದ ಟ್ರ್ಯಾಕ್ ಮಾಡಿ, ಮುಗಿದ ಮೇಲೆ Clip ಒತ್ತಿ ಕಿವಿ, ಗಲ್ಲ ಎಲ್ಲ ಮುಚ್ಚುವಷ್ಟು ಹಿಗ್ಗಿಸುತ್ತೇನೆ. ಒಮ್ಮೆ Frame ನಲ್ಲೇ ಇರುವುದನ್ನು ನೋಡದೆ ಹಿಗ್ಗಿಸಿ ಎಕ್ಸ್‌ಪೋರ್ಟ್ ಮಾಡಿದ್ದೆ. ಪಾಪ, ಒಬ್ಬ ಅಜ್ಜನ ಮೂಗು ಮಾತ್ರ ಮುಚ್ಚಿತ್ತು. ತಲೆ ತಿರುಗಿಸುವವರಿಗೆ ಮಾತ್ರ ಇದು ಅಷ್ಟು ಒಗ್ಗುವುದಿಲ್ಲ, ಅಲ್ಲಿ ಮತ್ತೆ ಕೈಕೆಲಸವೇ.

ಇನ್ನು ಎಷ್ಟು ಬ್ಲರ್ ಸಾಕು? ಮುಖಕ್ಕೆ Blur ನ Radius ಪೂರ್ತಿ ಏರಿಸಿ, ಸಾಲದಿದ್ದರೆ ಇನ್ನೊಂದು ನೋಡಿನಲ್ಲಿ ಮತ್ತೊಮ್ಮೆ. ಪ್ಲೇಟಿಗೆ ನಾನು ಬ್ಲರನ್ನೇ ಬಿಟ್ಟಿದ್ದೇನೆ. ನಂಬರಿನ ವಿನ್ಯಾಸ ಎಲ್ಲರಿಗೂ ಗೊತ್ತು: MH, ಎರಡಂಕಿ, ಅಕ್ಷರಗಳು, ನಾಲ್ಕಂಕಿ. ಹಗುರ ಬ್ಲರ್ ಅಥವಾ ಚಿಕ್ಕ ಚೌಕಳಿ ಹಾಕಿದರೆ, ಇರಬಹುದಾದ ನಂಬರುಗಳಿಗೆಲ್ಲ ಅದೇ ಬ್ಲರ್ ಹಾಕಿ ಯಾವುದು ಹೊಂದುತ್ತದೆ ಅಂತ ನೋಡಬಹುದು. ವಿಡಿಯೊದಲ್ಲಂತೂ ಒಂದೇ ಪ್ಲೇಟ್ ನೂರಾರು ಫ್ರೇಮುಗಳಲ್ಲಿ ಬೇರೆ ಬೇರೆ ಗಾತ್ರದಲ್ಲಿ ಸಿಗುತ್ತದೆ, ಹುಡುಕುವವನಿಗೆ ಅದು ಅನುಕೂಲವೇ. ಅದಕ್ಕೆ ಅದೇ ವಿಂಡೋದಲ್ಲಿ Gain ಸೊನ್ನೆಗೆ ಇಳಿಸಿ ಕಪ್ಪು ಪಟ್ಟಿ ಮಾಡುತ್ತೇನೆ. ಅಂಚು ಮೆತ್ತಗೆ ಬಿಟ್ಟರೆ ಮೊದಲ ಅಕ್ಷರ ಇಣುಕುತ್ತದೆ, ಹಾಗಾಗಿ Softness ಕೂಡ ಸೊನ್ನೆ. ಚಂದ ಕಾಣುವುದಿಲ್ಲ ನಿಜ. ಚಂದ ಯಾರಿಗೆ ಬೇಕು?

ಮುಂಬೈಯವರು ಮರೆಯುವ ಒಂದು ಜಾಗ ಇದೆ. ಕಪ್ಪು ಹಳದಿ ಟ್ಯಾಕ್ಸಿಗಳಿಗೆ ಬಾಗಿಲ ಮೇಲೂ ನಂಬರ್ ಬರೆದಿರುತ್ತದೆ. ಮುಂದಿನ ಪ್ಲೇಟ್ ಮುಚ್ಚಿ ಬಾಗಿಲು ಬಿಟ್ಟರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ. ಅಂಗಡಿ ಗಾಜಿನಲ್ಲಿ ಕಾಣುವ ಪ್ರತಿಬಿಂಬವನ್ನೂ ನೋಡಿಕೊಳ್ಳಿ.

ಓಡುವ ವಿಡಿಯೊ ನೋಡಿ ತೃಪ್ತಿಪಡಬೇಡಿ. ಒಂದೇ ಒಂದು ಫ್ರೇಮ್ ತಪ್ಪಿದರೆ ನಮ್ಮ ಕಣ್ಣಿಗೆ ಬೀಳುವುದಿಲ್ಲ, ನಿಲ್ಲಿಸಿ ನೋಡುವವನಿಗೆ ಬೀಳುತ್ತದೆ. ನಾನು ಎಕ್ಸ್‌ಪೋರ್ಟ್ ಆದ ಫೈಲಿನ ಎಲ್ಲ ಫ್ರೇಮುಗಳನ್ನೂ, ಟರ್ಮಿನಲ್ಲಿನಲ್ಲಿ ಓಡುವ ffmpeg ಎಂಬ ಉಚಿತ ವಿಡಿಯೊ ಸಲಕರಣೆಯಿಂದ ಹಾಳೆಗಳಾಗಿ ಜೋಡಿಸಿ ನೋಡುತ್ತೇನೆ:

```
ffmpeg -i final.mp4 -vf "scale=384:-1,tile=5x7" sheet_%02d.png
```

ಒಂದು ಹಾಳೆಗೆ 35 ಫ್ರೇಮ್. ನಮ್ಮ ಸ್ಕೂಟರ್ ಶಾಟಿಗೆ ಹತ್ತು ಹಾಳೆ. ಕಪ್ಪು ಪಟ್ಟಿ ಇಲ್ಲದ ಚಿತ್ರ ಸಾಲಿನಲ್ಲಿ ಥಟ್ಟನೆ ಎದ್ದು ಕಾಣುತ್ತದೆ. ಈ ಒಂದು ಶಾಟಿಗೆ ಎಲ್ಲ ಸೇರಿ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಜನ ಜಾಸ್ತಿ ಇರುವ ಶಾಟಾದರೆ ಟ್ರ್ಯಾಕ್ ಮಾಡುವುದಕ್ಕಿಂತ ಕತ್ತರಿಸಿ ಎಸೆಯುವುದೇ ಮೇಲು. ಸಂಜೆಯ ದಾದರ್ ಸ್ಟೇಷನ್ ಹೊರಗಿನದನ್ನು ನಾನು ತೆಗೆಯುವುದನ್ನೇ ನಿಲ್ಲಿಸಿದ್ದೇನೆ.

ಯೂಟ್ಯೂಬ್ ಸ್ಟುಡಿಯೊದಲ್ಲೇ ಬ್ಲರ್ ಇದೆಯಲ್ವಾ ಅಂತ ಕೆಲವರು ಕೇಳುತ್ತಾರೆ. ಇದೆ, ಸರಳ ಶಾಟಿಗೆ ಪರವಾಗಿಲ್ಲ. ಆದರೆ ಬ್ಲರ್ ಆಗುವುದು ಅಲ್ಲಿರುವ ಪ್ರತಿ ಮಾತ್ರ. ನಿಮ್ಮ ಕೈಯಲ್ಲಿರುವ ಫೈಲನ್ನು ವಾಟ್ಸಾಪ್ ಗುಂಪಿಗೆ ಕಳಿಸಿದರೆ ಎಲ್ಲ ಬಟಾಬಯಲು.

ಆ ಸ್ಕೂಟರ್ ಶಾಟಿನ ಹತ್ತೂ ಹಾಳೆ ನೋಡಿ, ಎಲ್ಲ ಸರಿಯಿದೆ ಅಂತ ಹಾಕಿ ಮಲಗಿದೆ. ಬೆಳಿಗ್ಗೆ ಊರಿಂದ ತಮ್ಮನ ಫೋನು. "ಅಣ್ಣಾ, ಥಂಬ್‌ನೇಲ್ ನೋಡಿದ್ಯಾ?" ಅಂತ ಕೇಳಿ, ಸ್ಕೂಟರಿನ ನಂಬರನ್ನು ಒಂದಕ್ಷರ ಬಿಡದೆ ಓದಿ ಹೇಳಿದ. ಥಂಬ್‌ನೇಲನ್ನು ನಾನು ಮೂಲ ಕ್ಲಿಪ್ಪಿನಿಂದ ತೆಗೆದಿದ್ದೆ. ಈಗ ಅದನ್ನೂ Color ಪುಟದಲ್ಲಿ Grab Still ಕೊಟ್ಟು, ಪಟ್ಟಿ ಕೂತ ಚಿತ್ರದಿಂದಲೇ ತೆಗೆಯುತ್ತೇನೆ.