ಸ್ಟಾರ್ಟರೋ, ಚೋಕೋ, ಬ್ಯಾಲಸ್ಟೋ? ಎರಡು ಟ್ಯೂಬ್‌ಲೈಟ್‌ಗಳ ಬಿಡಿಭಾಗ ಅದಲುಬದಲು ಮಾಡಿ ನೋಡಿದ್ದು

ನಮ್ಮ ಓದುವ ಕೋಣೆಯಲ್ಲಿ ನಾಲ್ಕಡಿಯ, 36 ವ್ಯಾಟಿನ ಎರಡು ಟ್ಯೂಬ್‌ಲೈಟ್‌ಗಳಿವೆ. ಎರಡಕ್ಕೂ ತಾಮ್ರದ ಚೋಕ್, ಎರಡಕ್ಕೂ ಸ್ಟಾರ್ಟರ್. ಎಡಗಡೆಯದು ಎರಡು ಸಲ ಮಿಣುಕಿ ಹತ್ತಿಕೊಳ್ಳುತ್ತದೆ. ಬಲಗಡೆಯದು ಹತ್ತು ಹನ್ನೆರಡು ಸಲ ಪಕ್ ಪಕ್ ಎಂದು, ಪ್ರತಿ ಮಿಣುಕಿಗೂ ಗುಂಯ್ ಎಂದು, ಕೊನೆಗೂ ಹತ್ತಿದ ಮೇಲೆ ಸಣ್ಣಗೆ ಗುಂಯ್‌ಗುಡುತ್ತಲೇ ಇರುತ್ತಿತ್ತು. ಸದ್ದು ಬರುವುದು ಚೋಕಿನಿಂದ ತಾನೇ, ಹಾಗಾದರೆ ಚೋಕೇ ಕೆಟ್ಟಿದೆ ಎಂದು ಮೊದಲು ತೀರ್ಮಾನಿಸಿಬಿಟ್ಟಿದ್ದೆ. ಅದು ಅರ್ಧ ಮಾತ್ರ ನಿಜವಾಗಿತ್ತು.

ಹೆಸರಿನ ಗೊಂದಲ ಮೊದಲು ಬಿಡಿಸೋಣ. ತಾಮ್ರದ ತಂತಿ ಸುತ್ತಿದ ಭಾರದ ಚೋಕೂ ಒಂದು ಬ್ಯಾಲಸ್ಟೇ. ಟ್ಯೂಬಿಗೆ ಹೋಗುವ ಕರೆಂಟನ್ನು ಮಿತಿಯಲ್ಲಿಡುವುದು ಅದರ ಕೆಲಸ. ಹಗುರವಾದ, ಸ್ಟಾರ್ಟರ್ ಬೇಡದ ಎಲೆಕ್ಟ್ರಾನಿಕ್ ಚೋಕನ್ನೇ ಬಹಳ ಜನ ಬ್ಯಾಲಸ್ಟ್ ಎನ್ನುತ್ತಾರೆ. ನಾನೂ ಇಲ್ಲಿ ಅದೇ ಅರ್ಥದಲ್ಲಿ ಬಳಸುತ್ತೇನೆ.

ಸ್ವಿಚ್ ಹಾಕಿದಾಗ ಏನಾಗುತ್ತದೆ ಎಂಬುದು ಗೊತ್ತಿದ್ದರೆ ದೋಷ ಹುಡುಕುವುದು ಸುಲಭ. ಸ್ಟಾರ್ಟರಿನ ಡಬ್ಬಿಯೊಳಗೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಬುರುಡೆ ಇದೆ. ಅದರಲ್ಲಿ ಅನಿಲ ತುಂಬಿ, ಬಿಸಿಯಾದರೆ ಬಾಗುವ ಲೋಹದ ಪಟ್ಟಿ ಇಟ್ಟಿರುತ್ತಾರೆ. ಕರೆಂಟ್ ಬಂದೊಡನೆ ಬುರುಡೆ ಮಿನುಗಿ ಪಟ್ಟಿ ಬಿಸಿಯಾಗುತ್ತದೆ, ಬಾಗಿ ಎದುರಿನ ತುದಿಗೆ ತಾಗುತ್ತದೆ. ಆಗ ಕರೆಂಟು ಚೋಕ್ ಮತ್ತು ಟ್ಯೂಬಿನ ಎರಡೂ ತುದಿಯ ಫಿಲಮೆಂಟುಗಳ ಮೂಲಕ ಹರಿದು ಅವನ್ನು ಕಾಯಿಸುತ್ತದೆ. ಪಟ್ಟಿ ತಣ್ಣಗಾಗಿ ಬಿಟ್ಟುಕೊಂಡ ಕ್ಷಣದಲ್ಲಿ ಚೋಕು ನೂರಾರು ವೋಲ್ಟಿನ ಒಂದು ಏಟು ಕೊಡುತ್ತದೆ, ಟ್ಯೂಬ್ ಹತ್ತುತ್ತದೆ. ಹತ್ತಿದ ಮೇಲೆ ಟ್ಯೂಬಿನ ಎರಡು ತುದಿಗಳ ನಡುವೆ ಸುಮಾರು 100 ವೋಲ್ಟ್ ಮಾತ್ರ ಉಳಿಯುವುದರಿಂದ ಸ್ಟಾರ್ಟರ್ ಮತ್ತೆ ಮಿನುಗುವುದಿಲ್ಲ. ಅಲ್ಲಿಗೆ ಅದರ ಕೆಲಸ ಮುಗಿಯಿತು.

ನಾನು ಎಡವಿದ್ದು ಇಲ್ಲೇ. ಸ್ಟಾರ್ಟರ್ ಕೂಡಿಕೊಂಡಿರುವಾಗ ಚೋಕಿನಲ್ಲಿ ಮಾಮೂಲಿಗಿಂತ ಹೆಚ್ಚು ಕರೆಂಟ್ ಹರಿಯುತ್ತದೆ, ಹಾಗಾಗಿ ಚೆನ್ನಾಗಿರುವ ಚೋಕು ಕೂಡ ಆಗ ಒಮ್ಮೆ ಗುಂಯ್ ಎನ್ನಬಹುದು. ಮಿಣುಕುವಾಗಿನ ಸದ್ದನ್ನು ಚೋಕಿನ ತಲೆಗೆ ಕಟ್ಟಬಾರದು. ಟ್ಯೂಬ್ ಪೂರ್ತಿ ಹತ್ತಿದ ಮೇಲೂ ಸದ್ದು ಉಳಿಯುತ್ತದೆಯೇ ಎಂದು ಕೇಳಬೇಕು. ನಿಂತರೆ ಸ್ಟಾರ್ಟರ್ ಅಥವಾ ಟ್ಯೂಬಿನ ಕಡೆ ನೋಡಿ, ಉಳಿದರೆ ಚೋಕಿನ ಕಡೆ.

ಅದಲುಬದಲಿಗೆ ಮುಂಚೆ ಮೇನ್ ಸ್ವಿಚ್ಚನ್ನೇ ಆರಿಸಿದೆ. ಗೋಡೆಯ ಸ್ವಿಚ್ ತಪ್ಪಾಗಿ ನ್ಯೂಟ್ರಲ್ ತಂತಿಗೆ ಹಾಕಿದ್ದರೆ, ಸ್ವಿಚ್ ಆಫ್ ಆಗಿದ್ದರೂ ಟ್ಯೂಬ್ ಕೂರಿಸಿದ ತಗಡಿನ ಪಟ್ಟಿಯೊಳಗೆ ಕರೆಂಟ್ ಇರುತ್ತದೆ. ಹಾಗಾಗಿ ಟೆಸ್ಟರ್ ಹಿಡಿದು ನೋಡದೆ ಕೈ ಹಾಕಬೇಡಿ, ಆ ಟೆಸ್ಟರನ್ನೂ ಮೊದಲು ಕರೆಂಟಿರುವ ಪ್ಲಗ್ಗಿನಲ್ಲಿ ಪರೀಕ್ಷಿಸಿಕೊಳ್ಳಿ.

ಮೊದಲ ಸುತ್ತು ಸ್ಟಾರ್ಟರಿನದು. ಎಡಕ್ಕೆ ತಿರುಗಿಸಿ ಎರಡನ್ನೂ ಬಿಚ್ಚಿ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದೆ. ಈಗ ಚೆನ್ನಾಗಿದ್ದ ಎಡಗಡೆಯ ಲೈಟು ಹನ್ನೊಂದು ಸಲ ಮಿಣುಕಿತು; ಬಲಗಡೆಯದು ಮೂರನೆಯದಕ್ಕೇ ಹತ್ತಿತು. ಮಿಣುಕುವ ರೋಗ ಸ್ಟಾರ್ಟರಿನ ಜೊತೆಗೇ ದಾಟಿತ್ತು. ಹಳೆಯ ಸ್ಟಾರ್ಟರಿನ ಡಬ್ಬಿ ಬಿಚ್ಚಿ ನೋಡಿದರೆ ಗಾಜಿನ ಬುರುಡೆಯ ಒಳಗೋಡೆ ಹೊಗೆ ಹಿಡಿದಂತೆ ಕಪ್ಪಾಗಿತ್ತು, ಪಕ್ಕದಲ್ಲಿ ಪುಟ್ಟ ಕೆಪಾಸಿಟರ್ ಕೂತಿತ್ತು. ಆ ಕೆಪಾಸಿಟರ್ ಶಾರ್ಟ್ ಆದರೆ, ಇಲ್ಲವೇ ಪಟ್ಟಿ ಬೆಸೆದುಕೊಂಡರೆ ಬೇರೆಯದೇ ಲಕ್ಷಣ: ಎರಡು ತುದಿ ಮಾತ್ರ ಕೆಂಪಗೆ ಉರಿಯುತ್ತಲೇ ಇರುತ್ತವೆ, ನಡುಭಾಗ ಕತ್ತಲು. ಹಾಗೆ ಕಂಡರೆ ಬೇಗ ಆರಿಸಿ. ಫಿಲಮೆಂಟು ಸುಮ್ಮನೆ ಸುಟ್ಟುಹೋಗುತ್ತದೆ.

ಸ್ಟಾರ್ಟರ್ ಬದಲಿಸಿದರೂ ಮಿಣುಕಿದರೆ ಟ್ಯೂಬ್ ಬದಲಿಸಿ ನೋಡಬೇಕು. ತುದಿಗಳು ಕಡುಗಪ್ಪಾದ ಟ್ಯೂಬಿಗೆ ಹೊಸ ಸ್ಟಾರ್ಟರ್ ಹಾಕಿದರೂ ಅದೇ ಪಾಡು, ಜೊತೆಗೆ ಹೊಸ ಸ್ಟಾರ್ಟರೂ ಸವೆಯುತ್ತದೆ. ನನ್ನದರಲ್ಲಿ ತುದಿಗಳು ಬೂದುಬಣ್ಣಕ್ಕಷ್ಟೇ ತಿರುಗಿದ್ದವು, ಹಾಗಾಗಿ ಬಿಟ್ಟೆ.

ಆದರೆ ಬಲಗಡೆಯ ಸದ್ದು ಹೋಗಿರಲಿಲ್ಲ. ಎರಡನೆಯ ಸುತ್ತು ಚೋಕಿನದು. ಮುಚ್ಚಳ ತೆಗೆದು ಮೊದಲು ಚೋಕಿನ ಎರಡು ಸ್ಕ್ರೂ ಅಲ್ಲಾಡಿಸಿ ನೋಡಿದೆ, ಒಂದು ಸಡಿಲವಾಗಿತ್ತು. ಬಿಗಿ ಮಾಡಿದೆ. ತಗಡಿನ ಪಟ್ಟಿಯೇ ನಡುಗಿ ಬರುತ್ತಿದ್ದ ಗರಗರ ನಿಂತಿತು, ಗುಂಯ್ ಮಾತ್ರ ಉಳಿಯಿತು. ಬೇಸರವಾದರೂ ತಂತಿ ಬಿಚ್ಚಿ ಎರಡೂ ಚೋಕುಗಳನ್ನು ಅದಲುಬದಲು ಮಾಡಿದೆ. ಸದ್ದು ಎಡಗಡೆಗೆ ಹೋಯಿತು. ಅನುಮಾನ ಮುಗಿಯಿತು: ಚೋಕಿನೊಳಗೆ ಒಂದರ ಮೇಲೊಂದು ಜೋಡಿಸಿದ ತಗಡುಗಳೇ ಸಡಿಲಗೊಂಡಿವೆ. 50 ಹರ್ಟ್ಜ್ ಕರೆಂಟಿಗೆ ಅವು ಸೆಕೆಂಡಿಗೆ 100 ಸಲ ಕಂಪಿಸುತ್ತವೆ.

ಬಿಚ್ಚಿದ ಎರಡೂ ಚೋಕುಗಳಿಗೆ ಮಲ್ಟಿಮೀಟರ್ ಇಟ್ಟು ನೋಡಿದೆ. ಎರಡರ ಓಮ್ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಮೀಟರ್ ಹೇಳುವುದು ಸುರುಳಿ ಹರಿದಿದೆಯೇ ಇಲ್ಲವೇ ಎಂಬುದನ್ನು. ತಗಡಿನ ಸಡಿಲವಾಗಲಿ, ಕೆಲವೇ ಸುತ್ತು ಒಳಗೊಳಗೇ ಶಾರ್ಟ್ ಆಗಿರುವುದಾಗಲಿ ಅದರಲ್ಲಿ ಕಾಣದೆ ಹೋಗಬಹುದು. ಗುಂಯ್‌ಗುಡುವ ಚೋಕಿಂದ ತಕ್ಷಣದ ಅಪಾಯವಿಲ್ಲ. ಆದರೆ ಸುಟ್ಟ ವಾರ್ನಿಷ್ ವಾಸನೆ ಬಂದರೆ, ಅಥವಾ ಹೊಸ ಟ್ಯೂಬು ಅತಿಯಾಗಿ ಬೆಳಗಿ ಕೆಲವೇ ದಿನದಲ್ಲಿ ತುದಿ ಕಪ್ಪಾದರೆ ಆ ಚೋಕನ್ನು ಮತ್ತೆ ಬಳಸಬೇಡಿ. ಅದು ಕರೆಂಟನ್ನು ಮಿತಿಯಲ್ಲಿಡುತ್ತಿಲ್ಲ.

ಸದ್ದಿನ ಚೋಕನ್ನು ತೆಗೆದು ಬಲಗಡೆಯ ಲೈಟಿನ ಪಟ್ಟಿಗೆ ಬ್ಯಾಲಸ್ಟ್ ಹಾಕಿದೆ. ಸ್ಟಾರ್ಟರಿನ ಹೋಲ್ಡರಿಗೆ ಹೋಗುತ್ತಿದ್ದ ತಂತಿಗಳನ್ನು ಪೂರ್ತಿ ಕಳಚಬೇಕು. ಬ್ಯಾಲಸ್ಟಿನ ಎರಡು ತಂತಿ ಕರೆಂಟಿಗೆ, ತುದಿಗೆರಡರಂತೆ ನಾಲ್ಕು ತಂತಿ ಟ್ಯೂಬಿಗೆ. ಕೂಡಿಸುವ ಕ್ರಮ ಬ್ಯಾಲಸ್ಟಿನ ಮೇಲಿನ ಚಿತ್ರದಲ್ಲೇ ಇರುತ್ತದೆ. ಸೆಕೆಂಡಿನೊಳಗೆ ಒಂದೂ ಮಿಣುಕಿಲ್ಲದೆ ಹತ್ತಿತು. ಇದು ಟ್ಯೂಬನ್ನು 20 ಕಿಲೋಹರ್ಟ್ಜಿಗಿಂತ ಹೆಚ್ಚಿನ ವೇಗದಲ್ಲಿ ನಡೆಸುವುದರಿಂದ ಕಿವಿಗೆ ಸದ್ದೇ ಬೀಳುವುದಿಲ್ಲ. ಓದುವ ಮೇಜಿನ ಮೇಲೆ ಇದೇ ಇರಲಿ ಎನ್ನುವುದು ನನ್ನ ಅಭಿಪ್ರಾಯ.

ಆದರೆ ಇದು ಕೆಟ್ಟರೆ ಕಂಡುಹಿಡಿಯುವುದು ಕಷ್ಟ. ಸ್ಟಾರ್ಟರಿನಂತೆ ಕಳಚಿ ಬದಲಿಸುವ ಭಾಗವಿಲ್ಲ. ಹಳೆಯ ಟ್ಯೂಬಿಟ್ಟರೂ ಮಿಣುಕುತ್ತದೆ, ಒಳಗಿನ ಕೆಪಾಸಿಟರ್ ಒಣಗಿದರೂ ಮಿಣುಕುತ್ತದೆ. ಚೆನ್ನಾಗಿ ಉರಿಯುವ ಟ್ಯೂಬನ್ನು ಅದಕ್ಕೆ ಹಾಕಿ ನೋಡುವುದೇ ಹೊಸಬರಿಗಿರುವ ಪರೀಕ್ಷೆ: ಹತ್ತಿದರೆ ಟ್ಯೂಬ್ ಕೆಟ್ಟಿತ್ತು, ಹತ್ತದಿದ್ದರೆ ಮತ್ತು ಹೋಲ್ಡರ್ ಬಿಗಿಯಾಗಿದ್ದರೆ ಬ್ಯಾಲಸ್ಟ್. ಅದರ ಮುಚ್ಚಳ ತೆರೆಯಬೇಡಿ. ಆರಿಸಿದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು.

ವೋಲ್ಟೇಜ್ ಏರಿಳಿತ ಜಾಸ್ತಿ ಇರುವ ಕಡೆ ನಾನು ತಾಮ್ರದ ಚೋಕನ್ನೇ ಇಟ್ಟುಕೊಳ್ಳುತ್ತೇನೆ, ಅದು ಏಟು ತಡೆಯುತ್ತದೆ. ಎಡಗಡೆಯ ಲೈಟಿಗೆ ಅದರದೇ ಚೋಕನ್ನು ವಾಪಸ್ ಹಾಕಿ, ಹೊಸ ಸ್ಟಾರ್ಟರ್ ಕೊಟ್ಟಿದ್ದೇನೆ. ಈಗ ಎರಡೇ ಮಿಣುಕಿಗೆ ಹತ್ತುತ್ತಿದೆ.