ಸೋಲಾರ್ ಬ್ರೋಷರಿನ ಯಂತ್ರಗನ್ನಡ: ತಿದ್ದುವುದೋ, ಹೊಸದಾಗಿ ಬರೆಯುವುದೋ, ಹೇಳಿಸಿ ಬರೆದುಕೊಳ್ಳುವುದೋ?

ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಓಟು ಹೇಳಿಸಿ ಬರೆದುಕೊಳ್ಳುವುದಕ್ಕೆ. ಮೊದಲ ಎರಡು ದಾರಿಯಲ್ಲಿ ಸಮಯ ಹೋಯಿತು, ಕನ್ನಡ ಬರಲಿಲ್ಲ.

ಕೈಗೆ ಬಂದದ್ದು ಮನೆಯ ಮಹಡಿ ಮೇಲೆ ಕೂರಿಸುವ ಸೋಲಾರ್ ವಾಟರ್ ಹೀಟರಿನ ನಾಲ್ಕು ಪುಟದ ಬ್ರೋಷರು. ಇಂಗ್ಲಿಷ್ ಪ್ರತಿಯನ್ನು ಯಂತ್ರಾನುವಾದಕ್ಕೆ ಹಾಕಿ, ಬಂದದ್ದನ್ನು ಹಾಗೇ ಅಚ್ಚು ಹಾಕಿಸಿದ್ದರು. ಮೊದಲ ಸಾಲೇ ಹೀಗಿತ್ತು: 'ನಮ್ಮ ಅತ್ಯಾಧುನಿಕ ಸೌರ ಜಲತಾಪಕದೊಂದಿಗೆ ನಿಮ್ಮ ವಿದ್ಯುತ್ ಬಿಲ್‌ಗಳಿಗೆ ವಿದಾಯ ಹೇಳಿ ಮತ್ತು ನಿಮ್ಮ ಕುಟುಂಬಕ್ಕೆ ಅವರು ಅರ್ಹವಾದ ಆರಾಮವನ್ನು ನೀಡಿ.' ಕಾಗುಣಿತದ ತಪ್ಪು ಒಂದೂ ಇಲ್ಲ. ಅದಕ್ಕೇ ಪ್ರೂಫ್ ನೋಡಿದವರೂ ಸುಮ್ಮನೆ ಬಿಟ್ಟಿದ್ದರು.

ಮೊದಲ ದಾರಿ, ಬಂದದ್ದನ್ನೇ ಸಾಲು ಸಾಲಾಗಿ ತಿದ್ದುವುದು. ಎಲ್ಲರೂ ಕೇಳುವುದೂ ಇದನ್ನೇ, 'ಸ್ವಲ್ಪ ನೋಡಿ ಸರಿಮಾಡಿಕೊಡಿ' ಅಂತ. ಶುರುವಿನಲ್ಲಿ ಕೆಲಸ ಸರಸರ ಸಾಗುತ್ತದೆ. 'ಜಲತಾಪಕ' ಹೋಗಿ 'ವಾಟರ್ ಹೀಟರ್' ಬರುತ್ತದೆ, 'ಅನುಸ್ಥಾಪನೆ' ಹೋಗಿ 'ಕೂರಿಸುವುದು' ಬರುತ್ತದೆ, 'ತೊಂದರೆ-ಮುಕ್ತ' ಅಳಿಸಿ ಹೋಗುತ್ತದೆ. ಒಂದು ಗಂಟೆಯಲ್ಲಿ ಪುಟದ ತುಂಬ ಕೆಂಪು ಗುರುತು. ಆದರೂ ಓದಿದರೆ ಇದು ನಮ್ಮವರ ಮಾತಲ್ಲ ಅನ್ನಿಸುವುದು ತಪ್ಪುವುದಿಲ್ಲ. ಕಾರಣ ಪದಗಳಲ್ಲಿಲ್ಲ, ವಾಕ್ಯದ ಕಟ್ಟಿನಲ್ಲಿದೆ. ಈ ಒಂದು ತೊಡಕೇ ಅರ್ಧ ದಿನ ತಿಂದಿತು.

ಟ್ಯಾಂಕಿನ ಬಿಸಿ ಹೊರಹೋಗದಂತೆ ತಡೆಯುವ ಪಫ್ ಎಂಬ ಫೋಮಿನ ಬಗ್ಗೆ ಇದ್ದ ಒಂದು ವಾಕ್ಯ ತೆಗೆದುಕೊಳ್ಳಿ. ಯಂತ್ರ ಕೊಟ್ಟದ್ದು: 'ಟ್ಯಾಂಕ್ ಅನ್ನು ಉನ್ನತ-ಗುಣಮಟ್ಟದ ಪಫ್ ನಿರೋಧನದಿಂದ ಆವೃತಗೊಳಿಸಲಾಗಿದೆ, ಇದು ನೀರನ್ನು ಗಂಟೆಗಳವರೆಗೆ ಬಿಸಿಯಾಗಿರಿಸಲು ಸಹಾಯ ಮಾಡುತ್ತದೆ.' ತಿದ್ದಿದ ಮೇಲೆ: 'ಟ್ಯಾಂಕಿಗೆ ಒಳ್ಳೆಯ ಪಫ್ ಹೊದಿಕೆ ಹಾಕಲಾಗಿದೆ, ಇದು ನೀರನ್ನು ಗಂಟೆಗಟ್ಟಲೆ ಬಿಸಿಯಾಗಿಡುತ್ತದೆ.' ಪ್ರತಿ ಪದವೂ ಈಗ ಕನ್ನಡವೇ. ಆದರೆ 'ಇದು' ಅಂದರೆ ಯಾವುದು, ಟ್ಯಾಂಕೋ ಹೊದಿಕೆಯೋ? ಇಂಗ್ಲಿಷ್ ಮುಖ್ಯ ಸಂಗತಿಯನ್ನು ಮೊದಲು ಹೇಳಿ ವಿವರವನ್ನು ಬಾಲದ ಹಾಗೆ ಅಂಟಿಸುತ್ತದೆ. ಕನ್ನಡದ ದಾರಿ ಬೇರೆ. ಕಾರಣ ಮೊದಲು, ಫಲ ಆಮೇಲೆ, ಕ್ರಿಯಾಪದ ಕೊನೆಗೆ: 'ಸುತ್ತ ಪಫ್ ಹೊದಿಕೆ ಇರುವುದರಿಂದ ಟ್ಯಾಂಕಿನ ನೀರು ಬೇಗ ಆರುವುದಿಲ್ಲ.' 'ಇದು' ಬೇಕಿಲ್ಲ, ನಡುವೆ ಅಲ್ಪವಿರಾಮ ಬೇಕಿಲ್ಲ, 'ಸಹಾಯ ಮಾಡುತ್ತದೆ' ಅಂತೂ ಬೇಕೇ ಇಲ್ಲ. ಇಲ್ಲಿಗೆ ಬರಬೇಕಾದರೆ ಹಳೆಯ ವಾಕ್ಯವನ್ನು ಪೂರ್ತಿ ಕೆಡವಲೇಬೇಕು. ತಿದ್ದಲು ಕೂತವರು ಕೆಡವುವುದಿಲ್ಲ. ಎದುರಿಗೆ ಒಂದು ವಾಕ್ಯ ನಿಂತಿದ್ದರೆ ಕಣ್ಣು ಅದನ್ನು ಉಳಿಸಿಕೊಳ್ಳುವ ಕಡೆಗೇ ವಾಲುತ್ತದೆ.

ನಿಮ್ಮ ಕೈಲಿರುವ ಪ್ರತಿಯಲ್ಲಿ ಈ ಕಟ್ಟು ಉಳಿದಿದೆಯೋ ಇಲ್ಲವೋ ನೋಡಲು ಸುಲಭದ ಉಪಾಯವಿದೆ. ಫೈಲಿನಲ್ಲಿ ನಾಲ್ಕನ್ನು ಹುಡುಕಿ: 'ನಿಮ್ಮ', 'ಮತ್ತು', 'ಲಾಗಿದೆ' ಅಥವಾ 'ಲಾಗುತ್ತದೆ', ಅಲ್ಪವಿರಾಮ ಆದ ಕೂಡಲೇ ಬರುವ 'ಇದು'. 'ಬಿಲ್ಲು ಕಟ್ಟಿ' ಅಂದರೆ ಯಾರ ಬಿಲ್ಲು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ 'ನಿಮ್ಮ' ಪುಟಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಎರಡು ವಾಕ್ಯಗಳನ್ನು 'ಮತ್ತು' ಕಟ್ಟಿದ್ದರೆ, ಮೊದಲನೆಯದರ ಕ್ರಿಯಾಪದವನ್ನು 'ಬಂದು', 'ನೋಡಿ', 'ಕೂರಿಸಿ' ಎಂಬ ರೂಪಕ್ಕೆ ತಂದರೆ ಸಾಕು. ಎರಡು ವಸ್ತುಗಳ ನಡುವೆ ಬಂದಿದ್ದರೆ 'ಟ್ಯಾಂಕೂ ಪೈಪೂ' ಅನ್ನಬಹುದು. 'ಲಾಗಿದೆ', 'ಲಾಗುತ್ತದೆ' ಕಂಡಲ್ಲೆಲ್ಲ ಆ ಕೆಲಸ ಮಾಡುವವರು ಯಾರು ಎಂದು ಕೇಳಿ. ಬಹುತೇಕ ಉತ್ತರ 'ನಾವು' ಎಂದೇ ಇರುತ್ತದೆ. 'ಉಚಿತ ತಪಾಸಣೆಯನ್ನು ಒದಗಿಸಲಾಗುತ್ತದೆ' ಎನ್ನುವುದು 'ನಾವೇ ಬಂದು ನೋಡಿಕೊಡುತ್ತೇವೆ, ದುಡ್ಡಿಲ್ಲ' ಆದಾಗ ಆ ಮಾತಿಗೆ ಒಬ್ಬ ಮನುಷ್ಯ ಸಿಕ್ಕ ಹಾಗಾಯಿತು. ಆ 'ಕೊಡು' ಎಂಬ ಚಿಕ್ಕ ಸಹಾಯಕ ಕ್ರಿಯಾಪದವನ್ನು ಗಮನಿಸಿ. ನೋಡಿಕೊಡು, ಹಾಕಿಸಿಕೊ, ಆರಿಹೋಗು, ಕೆಟ್ಟುಬಿಡು, ಇವು ಯಂತ್ರಗನ್ನಡದಲ್ಲಿ ಅಪರೂಪ. ಏಕೆಂದರೆ ಇಂಗ್ಲಿಷ್ ಮೂಲದಲ್ಲಿ ಇವಕ್ಕೆ ನೇರವಾದ ಪದವಿಲ್ಲ. ನಮ್ಮ ಮಾತಿನ ಆತ್ಮೀಯತೆಯೆಲ್ಲ ಕೂತಿರುವುದು ಅಲ್ಲೇ.

ಎರಡನೆಯ ದಾರಿ, ಯಂತ್ರದ ಪ್ರತಿ ಮುಚ್ಚಿಟ್ಟು ಇಂಗ್ಲಿಷ್ ನೋಡಿಕೊಂಡು ಹೊಸದಾಗಿ ಬರೆಯುವುದು. ಕಟ್ಟಿನ ತೊಂದರೆ ಅರ್ಧ ಕಳೆಯುತ್ತದೆ, ಜಾಗಕ್ಕೆ ಇನ್ನೊಂದು ಬರುತ್ತದೆ: ಪೆನ್ನು ಹಿಡಿದ ಕೂಡಲೇ ಭಾಷೆ ಶಲ್ಯ ಹೊದ್ದುಕೊಳ್ಳುತ್ತದೆ. 'ಸೌರಶಕ್ತಿಯ ಸದ್ಬಳಕೆ', 'ದೀರ್ಘಕಾಲೀನ ಬಾಳಿಕೆ', 'ಅನ್ವೇಷಿಸಿ, ಅನುಭವಿಸಿ, ಆನಂದಿಸಿ'. ಸಂಸ್ಕೃತ ಪದಕ್ಕೆ 'ಇಸು' ಹಚ್ಚಿದ ಆಜ್ಞೆಗಳು ಸಾಲಾಗಿ ನಿಂತರೆ ಶಾಲೆಯ ಡ್ರಿಲ್ಲಿನಂತೆ ಕೇಳಿಸುತ್ತವೆ. ಇದಕ್ಕೆ ಪರಿಹಾರ ಅಂತ ಗಾದೆಗಳನ್ನು ತುರುಕುವವರೂ ಇದ್ದಾರೆ. ನಾಲ್ಕು ಪುಟಕ್ಕೆ ಒಂದು ಗಾದೆಯೂ ಜಾಸ್ತಿಯೇ.

ಒಂದು ವಿಷಯದಲ್ಲಿ ಮಾತ್ರ ಈ ದಾರಿಗೆ ಸಾಟಿ ಇಲ್ಲ, ಅದು ವಾರಂಟಿಯ ಪುಟ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೂರನೆಯದು ಹೇಳಿಸಿ ಬರೆದುಕೊಳ್ಳುವುದು. ಇಂಗ್ಲಿಷ್ ಪ್ರತಿಯಿಂದ ವಾಕ್ಯಗಳನ್ನು ತೆಗೆಯಬೇಡಿ, ಸಂಗತಿಗಳನ್ನಷ್ಟೇ ಚೀಟಿಗೆ ಇಳಿಸಿ: ಟ್ಯಾಂಕು 200 ಲೀಟರು, ಸುತ್ತ ಪಫ್, ಮೋಡದ ದಿನಕ್ಕೆ ಒಳಗೆ ಕರೆಂಟ್ ಕಾಯಿಲ್, ವಾರಂಟಿ 5 ವರ್ಷ, ಗಡಸು ನೀರಿದ್ದರೆ ಷರತ್ತು. ಈ ಬ್ರೋಷರಿಗೆ ಹದಿನಾಲ್ಕು ಸಂಗತಿಗಳಾದವು. ಆಮೇಲೆ ಎರಡೂ ಪ್ರತಿ ಮುಚ್ಚಿಟ್ಟು, ದಿನಾ ಗಿರಾಕಿಯ ಜೊತೆ ಮಾತಾಡುವವರನ್ನು ಕೂರಿಸಿಕೊಳ್ಳಿ. ಆಫೀಸಿನಲ್ಲಿ ಕೂತವರಿಗಿಂತ ಮನೆಮನೆಗೆ ಹೋಗಿ ಹೀಟರ್ ಕೂರಿಸುವವರು ಒಳ್ಳೆಯದು. 'ಇದರ ಬಗ್ಗೆ ಹೇಳಿ' ಅಂದರೆ ಅವರೂ ಭಾಷಣ ಶುರುಮಾಡುತ್ತಾರೆ. ಬದಲಿಗೆ ಗಿರಾಕಿಯಂತೆ ಕೇಳಿ: 'ಮಳೆಗಾಲದಲ್ಲಿ ಏನ್ ಮಾಡೋದು?', 'ನಮ್ದು ಬೋರ್ ನೀರು, ನಡೆಯತ್ತಾ?', 'ಕೆಟ್ಟರೆ ಯಾರಿಗೆ ಫೋನ್ ಮಾಡ್ಬೇಕು?' ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇಪ್ಪತ್ತು ನಿಮಿಷ ಸಾಕು.

ಪಫ್ ಬಗ್ಗೆ ಬಂದ ಉತ್ತರ: 'ಫ್ಲಾಸ್ಕ್ ಇದ್ದಂಗೆ ಸಾರ್. ಹಗಲು ಕಾದಿದ್ದು ಬೆಳಿಗ್ಗೆ ಸ್ನಾನಕ್ಕೂ ಬಿಸಿನೇ ಸಿಗತ್ತೆ.' ಅಚ್ಚಿಗೆ ಹೋದದ್ದು: 'ಟ್ಯಾಂಕಿನ ಸುತ್ತ ಪಫ್ ತುಂಬಿರುತ್ತದೆ, ಫ್ಲಾಸ್ಕಿನ ಹಾಗೆ. ಹಗಲು ಕಾದ ನೀರು ಮರುದಿನ ಬೆಳಿಗ್ಗೆಯ ಸ್ನಾನಕ್ಕೂ ಬಿಸಿಯಾಗಿಯೇ ಸಿಗುತ್ತದೆ.' ತಿದ್ದಿದ್ದು ಕಡಿಮೆ. 'ಸಾರ್' ಹೋಯಿತು, 'ಸಿಗತ್ತೆ' ಅಚ್ಚಿನ ರೂಪಕ್ಕೆ ಬಂತು, ವಾಕ್ಯದ ನಡಿಗೆ ಹಾಗೇ ಉಳಿಯಿತು. ಮೊದಲ ವಾಕ್ಯದ ಕೊನೆಗೆ ನೇತಾಡುವ 'ಫ್ಲಾಸ್ಕಿನ ಹಾಗೆ' ಬರೆಯುವ ಕೈಗೆ ಹೊಳೆಯುತ್ತಿರಲಿಲ್ಲ.

ಇನ್ನೂ ದೊಡ್ಡ ಲಾಭ ಬೇರೆ ಕಡೆ ಸಿಕ್ಕಿತು. ಕರೆಂಟ್ ಬಿಲ್ಲಿಗೆ ವಿದಾಯ ಹೇಳುವ ಸಾಲನ್ನು ಕನ್ನಡ ಮಾಡಲು ಹೊರಟಾಗ ಕೂರಿಸುವವರೇ ನಕ್ಕುಬಿಟ್ಟರು. ಗೃಹಜ್ಯೋತಿ ಬಂದ 2023ರಿಂದ ಎಷ್ಟೋ ಮನೆಗೆ ಸೊನ್ನೆ ಬಿಲ್ಲು. ಅವರಿಗೆ ಬಿಲ್ಲಿನ ಮಾತು ನಾಟುವುದಿಲ್ಲ. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. 2 ಕಿಲೋವ್ಯಾಟಿನ ಗೀಸರು ದಿನಕ್ಕೆ ಒಂದು ಗಂಟೆ ಉರಿದರೆ 2 ಯೂನಿಟ್, ತಿಂಗಳಿಗೆ 60. ಹಾಗಾಗಿ ಮುಖಪುಟದ ಸಾಲು ಹೀಗಾಯಿತು: 'ಗೀಸರಿಗೇ ತಿಂಗಳಿಗೆ 60 ಯೂನಿಟ್ ಯಾಕೆ? ಬಿಸಿಲಿದ್ದ ದಿನ ನೀರು ತಾನೇ ಕಾಯುತ್ತದೆ.' ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿ ಲೆಕ್ಕ. ಇಂಗ್ಲಿಷ್ ಸಾಲನ್ನು ಎಷ್ಟು ಚೆನ್ನಾಗಿ ಅನುವಾದಿಸಿದರೂ ಇದು ಬರುತ್ತಿರಲಿಲ್ಲ.

ಈ ದಾರಿಗೂ ಎರಡು ಗುಂಡಿಗಳಿವೆ. ಒಂದು, ಬಾಯಿಮಾತು ಉದಾರಿ. 'ಹತ್ತು ವರ್ಷ ಏನೂ ಆಗಲ್ಲ ಸಾರ್' ಎಂಬುದು ರೆಕಾರ್ಡಿನಲ್ಲಿ ಎರಡು ಸಲ ಬಂದಿತ್ತು. ವಾರಂಟಿ ಇರುವುದು 5 ವರ್ಷಕ್ಕೆ. ಮೇಲಿನ 'ಮರುದಿನ ಬೆಳಿಗ್ಗೆ' ಕೂಡ ಮೂಲದಲ್ಲಿಲ್ಲದ ಭರವಸೆಯೇ, ಕಂಪನಿಯವರು ಒಪ್ಪಿದ ಮೇಲೆಯೇ ಅದು ಅಚ್ಚಿಗೆ ಹೋಯಿತು. ಆದ್ದರಿಂದ ಕೊನೆಗೆ ಒಮ್ಮೆ ಇಂಗ್ಲಿಷ್ ಪ್ರತಿ ತೆರೆದು, ಅಂಕಿ ಮತ್ತು ಷರತ್ತುಗಳನ್ನಷ್ಟೇ ಬೆರಳಿಟ್ಟು ತಾಳೆ ನೋಡಬೇಕು. ಎರಡು, ಹೇಳುವವರ ಊರು ಭಾಷೆಯೊಳಗೆ ಬರುತ್ತದೆ. ಹುಬ್ಬಳ್ಳಿಯವರು 'ಜಳಕ' ಅಂದರೆ ಅಲ್ಲಿ ಹಂಚುವ ಪ್ರತಿಗೆ ಅದೇ ಚೆಂದ. ಇಡೀ ರಾಜ್ಯಕ್ಕೆ ಒಂದೇ ಪ್ರತಿಯಾದರೆ 'ಸ್ನಾನ' ಇರಲಿ.

ಈಗ ವಾರಂಟಿ. ಯಂತ್ರ ಕೊಟ್ಟದ್ದು: 'ಗಡಸು ನೀರಿನ ಬಳಕೆಯಿಂದ ಉಂಟಾಗುವ ಹಾನಿಯು ಖಾತರಿಯ ಅಡಿಯಲ್ಲಿ ಒಳಗೊಳ್ಳುವುದಿಲ್ಲ, ಹೊರತು ಸಾಫ್ಟನರ್ ಅನ್ನು ಅನುಸ್ಥಾಪಿಸಲಾಗಿದ್ದರೆ.' ಇದನ್ನು ಓದಿದ ಇಬ್ಬರಲ್ಲಿ ಒಬ್ಬರಿಗೆ ಸಾಫ್ಟನರ್ ಹಾಕಿಸಿದರೆ ವಾರಂಟಿ ಹೋಗುತ್ತದೆ ಎಂದೇ ಅನ್ನಿಸಿತು. ಬಾಯಲ್ಲಿ ಹೇಳಿಸಿದರೆ ಷರತ್ತು ಸಡಿಲವಾಗುತ್ತದೆ. ಆದ್ದರಿಂದ ಇದೊಂದನ್ನು ಇಂಗ್ಲಿಷ್ ನೋಡಿಕೊಂಡೇ ಬರೆದು, ಇಲ್ಲ ಎನ್ನುವುದನ್ನೂ ಇದೆ ಎನ್ನುವುದನ್ನೂ ಎರಡು ವಾಕ್ಯಗಳಲ್ಲಿ ಬೇರೆ ಮಾಡಿದ್ದಾಯಿತು: 'ಗಡಸು ನೀರಿಗೆ ಸಾಫ್ಟನರ್ ಹಾಕಿಸದೆ ಬಳಸಿ ಟ್ಯಾಂಕು ಅಥವಾ ಟ್ಯೂಬು ಕೆಟ್ಟರೆ ವಾರಂಟಿ ಸಿಗುವುದಿಲ್ಲ. ಸಾಫ್ಟನರ್ ಹಾಕಿಸಿದ್ದರೆ ಸಿಗುತ್ತದೆ.' 'ಖಾತರಿ' ಬಿಟ್ಟು 'ವಾರಂಟಿ' ಎಂದೇ ಇಡಿ, ಬಿಲ್ಲಿನ ಮೇಲೆ ಇರುವುದೂ ಅದೇ ಪದ. 'ಗ್ಯಾರಂಟಿ' ಬೇಡವೇ ಬೇಡ. ಅದು ಬೇರೆ ಮಾತು, ಮೇಲಾಗಿ ಈಗ ಆ ಪದ ಕೇಳಿದರೆ ನಮ್ಮಲ್ಲಿ ಸರ್ಕಾರದ ಯೋಜನೆ ನೆನಪಾಗುತ್ತದೆ.

ಅಚ್ಚಿನ ಕಡೆಯದೊಂದು ಚಿಕ್ಕ ವಿಷಯ. 'ಟ್ಯಾಂಕ್‌ನ', 'ಬಿಲ್‌ಗಳು' ಎಂದು ಯಂತ್ರ ಬರೆಯುವಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಪ್ರೆಸ್ಸಿನವರು ಯೂನಿಕೋಡನ್ನು ತಮ್ಮ ಹಳೆಯ ಫಾಂಟಿಗೆ ಬದಲಿಸುವಾಗ ಅದು ಉದುರಿ, ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಇಳಿದುಬಿಡಬಹುದು. 'ಟ್ಯಾಂಕಿನ', 'ಬಿಲ್ಲುಗಳು' ಅಂತ ನಾವು ಆಡುವ ಹಾಗೇ ಬರೆದರೆ ಆ ತಾಪತ್ರಯವೇ ಇಲ್ಲ.

ಲೆಕ್ಕಕ್ಕೆ ಬಂದರೆ, ತಿದ್ದುವುದಕ್ಕೆ ಒಂದೂವರೆ ದಿನ, ಹೊಸದಾಗಿ ಬರೆಯುವುದಕ್ಕೆ ಒಂದು ದಿನ, ಹೇಳಿಸಿ ಬರೆದುಕೊಳ್ಳುವುದಕ್ಕೆ ತಾಳೆ ನೋಡಿದ್ದೂ ಸೇರಿ ಆರು ಗಂಟೆ ಹಿಡಿಯಿತು. ಅನುವಾದಕರು ಪದಕ್ಕಿಷ್ಟು ಎಂದು ದರ ಹೇಳಿದರೆ ಈ ಕೆಲಸ ಕೂಡಿಬರುವುದಿಲ್ಲ, ಪದಗಳು ಕಡಿಮೆಯಾಗುವುದೇ ಇಲ್ಲಿ ಲಾಭ. ದಿನದ ಲೆಕ್ಕದಲ್ಲಿ ಮಾತಾಡಿಕೊಳ್ಳಿ, ಕೂರಿಸುವವರ ಅರ್ಧ ದಿನದ ಕೂಲಿಯನ್ನೂ ಅದರಲ್ಲೇ ಸೇರಿಸಿ. ಮೂರು ಪುಟ ಹೇಳಿಸಿ, ವಾರಂಟಿ ಪುಟ ಬರೆದು, ಪ್ರೆಸ್ಸಿಗೆ ಕೊಡುವ ಮುಂಚೆ ಅದನ್ನು ಈವರೆಗೆ ನೋಡದ ಒಬ್ಬರಿಗೆ ಓದಲು ಕೊಡಿ. ಓದಿ ಮುಗಿಸಿದ ಮೇಲೆ 'ಬೋರ್ ನೀರಿದ್ದರೆ ಏನು ಮಾಡಬೇಕಂತೆ?' ಎಂದು ಕೇಳಿ. ಹಾಳೆ ತಿರುಗಿಸದೆ ಉತ್ತರ ಬಂದರೆ ಅಚ್ಚಿಗೆ ಕಳಿಸಬಹುದು.